ಒದ್ದೆ ಕಾಫಿ, ಒಣ ಲೆಕ್ಕ

ಮಂಗಳೂರಿನಿಂದ ಇಟಲಿಗೆ ಹೋದ ಕಂಟೇನರಿನಲ್ಲಿ 320 ಚೀಲ ಕಾಫಿ, ಅದರಲ್ಲಿ 40 ಒದ್ದೆ ಎಂದುಕೊಳ್ಳಿ. ಹಡಗು ಕಂಪನಿಗೆ ಬರೆಯುವ ದೂರು ಪತ್ರದಲ್ಲಿ ಕೋಪಕ್ಕಿಂತ ಮೊದಲು ಬರಬೇಕಾದದ್ದು ಸಿಲ್ವರ್ ನೈಟ್ರೇಟ್ ಪರೀಕ್ಷೆಯ ಫಲ. ಒದ್ದೆ ಚೀಲಕ್ಕೆ ಈ ದ್ರಾವಣ ಹಾಕಿದಾಗ ಹಾಲಿನಂತೆ ಬಿಳುಪಾದರೆ ಉಪ್ಪುನೀರು ನುಗ್ಗಿದ ಸೂಚನೆ. ಬಿಳುಪಾಗದಿದ್ದರೆ ಮಳೆನೀರೋ, ಒಳಗಿನ ತೇವವೇ ಚಾವಣಿಯಲ್ಲಿ ಹನಿಗಟ್ಟಿ ಸುರಿದದ್ದೋ ಇರಬಹುದು. ಆಗ ಕಂಪನಿ, "ನೀವೇ ಹಸಿ ಕಾಫಿ ತುಂಬಿದ್ದೀರಿ" ಎನ್ನುತ್ತದೆ. ಲೋಡಿಂಗ್ ದಿನದ ತೇವಾಂಶದ ವರದಿ ಜೊತೆಗಿರಲೇಬೇಕು.

ಇನ್ನು ಡೆಮರೇಜ್, ಅಂದರೆ ಉಚಿತ ಅವಧಿ ಮೀರಿ ಕಂಟೇನರ್ ಬಂದರಿನಲ್ಲಿ ನಿಂತದ್ದಕ್ಕೆ ಬಾಡಿಗೆ. ಉಚಿತ ಅವಧಿ 7 ದಿನ, ಸರಕು ಬಿಡಿಸಿದ್ದು 16ನೇ ದಿನ, ಬಿಲ್ಲು 9 ದಿನಕ್ಕೆ. ಆದರೆ ಜಂಟಿ ತಪಾಸಣೆ ಕೇಳಿದ್ದು 4ನೇ ದಿನ. ಮರುದಿನ ಬರಬೇಕಿದ್ದ ಕಂಪನಿಯ ಸರ್ವೇಯರ್ ಬಂದದ್ದು 13ಕ್ಕೆ. ಆ 8 ದಿನದ ತಡ ಅವರದು. ಉಳಿದ ಒಂದು ದಿನದ ಹಣ ಒಪ್ಪಿಕೊಂಡೇ ಬರೆಯುವುದು ಜಾಣತನ. ಪೂರ್ತಿ ಮನ್ನಾ ಕೇಳಿದರೆ ವಾದ ಸಡಿಲವಾಗುತ್ತದೆ.

ಹೇಗ್-ವಿಸ್ಬಿ ನಿಯಮದಂತೆ, ಹೊರಗೆ ಕಾಣದ ಹಾನಿಗೆ ಸರಕು ಪಡೆದ 3 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ದಾವೆಗೆ ಒಂದು ವರ್ಷ. ಪತ್ರವ್ಯವಹಾರ ನಡೆಯುತ್ತಿದೆ ಎಂದ ಮಾತ್ರಕ್ಕೆ ಆ ವರ್ಷ ನಿಲ್ಲುವುದಿಲ್ಲ.