ನಿರ್ದೇಶಕನನ್ನು ತೆಗೆಯುವ ಮುನ್ನ

2016ರ ಅಕ್ಟೋಬರ್ 24ರಂದು ಟಾಟಾ ಸನ್ಸ್‌ನ ಮಂಡಳಿ ಸೈರಸ್ ಮಿಸ್ತ್ರಿಯವರನ್ನು ಅಧ್ಯಕ್ಷ ಸ್ಥಾನದಿಂದ ಇಳಿಸಿತು. ಅದಕ್ಕೆ ಮಂಡಳಿಯ ಒಂದು ಸಭೆ ಸಾಕಾಯಿತು. ಆದರೂ ಅವರು ನಿರ್ದೇಶಕರಾಗಿ ಉಳಿದಿದ್ದರು. ಅಧ್ಯಕ್ಷಗಿರಿ ಮಂಡಳಿ ಕೊಟ್ಟದ್ದು, ಹಿಂದಕ್ಕೆ ಪಡೆಯಿತು. ನಿರ್ದೇಶಕನನ್ನು ಅವಧಿಗೆ ಮೊದಲೇ ತೆಗೆಯುವ ಅಧಿಕಾರ ಮಾತ್ರ ಷೇರುದಾರರದು. ಅದಕ್ಕಾಗಿ 2017ರ ಫೆಬ್ರುವರಿ 6ರಂದು ಷೇರುದಾರರ ಸಭೆ ಸೇರಬೇಕಾಯಿತು.

2013ರ ಕಂಪನಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ ಇದಕ್ಕೆ ಸಾಮಾನ್ಯ ನಿರ್ಣಯ ಸಾಕು. ಬಿದ್ದ ಮತಗಳಲ್ಲಿ ವಿರೋಧಕ್ಕಿಂತ ಪರವಾದವು ಹೆಚ್ಚಿದ್ದರೆ ಆಯಿತು. ಎರಡನೇ ಅವಧಿಯಲ್ಲಿರುವ ಸ್ವತಂತ್ರ ನಿರ್ದೇಶಕರಿಗೆ ಮಾತ್ರ ವಿಶೇಷ ನಿರ್ಣಯ ಬೇಕು. ತೆಗೆಯುವುದು ಇಷ್ಟು ಸುಲಭವಾದ್ದರಿಂದಲೇ ಕಾನೂನು ಎರಡು ತಡೆಗಳನ್ನಿಟ್ಟಿದೆ.

ಮೊದಲನೆಯದು ವಿಶೇಷ ನೋಟಿಸ್. ನಿರ್ಣಯ ತರುವ ಷೇರುದಾರರ ಕೈಯಲ್ಲಿ ಶೇ 1ರಷ್ಟಾದರೂ ಮತಬಲವಿರಬೇಕು, ಇಲ್ಲವೇ ಕಾಯ್ದೆ ಹೇಳುವಷ್ಟು ಮೊತ್ತದ ಷೇರುಗಳಿರಬೇಕು. ನೋಟಿಸ್ ಕೊಟ್ಟ ದಿನವನ್ನೂ ಸಭೆಯ ದಿನವನ್ನೂ ಬಿಟ್ಟು ನಡುವೆ 14 ದಿನ ಇರಬೇಕು. ಜೂನ್ 30ಕ್ಕೆ ಸಭೆಯಾದರೆ ನೋಟಿಸ್ ಜೂನ್ 15ರೊಳಗೆ ಕಂಪನಿಗೆ ಹೋಗಿರಬೇಕು. ಮೂರು ತಿಂಗಳಿಗಿಂತ ಹಳೆಯದಾಗಿದ್ದರೂ ನಡೆಯದು.

ಎರಡನೆಯದು, ನನ್ನ ಮಟ್ಟಿಗೆ ಇದೇ ಮುಖ್ಯ, ನಿರ್ದೇಶಕನ ಮಾತು ಕೇಳಬೇಕು. ನೋಟಿಸ್ ಬಂದ ಕೂಡಲೇ ಕಂಪನಿ ಅದರ ಪ್ರತಿಯನ್ನು ಆತನಿಗೆ ಕಳಿಸಬೇಕು. ಆತ ಲಿಖಿತ ಉತ್ತರ ಕೊಟ್ಟು ಷೇರುದಾರರಿಗೆ ತಿಳಿಸಿ ಎಂದರೆ, ಸಮಯವಿದ್ದಲ್ಲಿ ಎಲ್ಲರಿಗೂ ಹಂಚಬೇಕು. ಹಂಚದೇ ಹೋದರೆ ಸಭೆಯಲ್ಲಿ ಓದಿಸುವಂತೆ ಆತ ಪಟ್ಟು ಹಿಡಿಯಬಹುದು. ಒಂದೂ ಷೇರಿಲ್ಲದಿದ್ದರೂ ಸಭೆಯಲ್ಲಿ ಮಾತಾಡಬಹುದು. ಮಾನಹಾನಿಗೆ ಪ್ರಚಾರ ಕೊಡಲೆಂದೇ ಈ ಹಕ್ಕನ್ನು ಬಳಸಿದರೆ ಮಾತ್ರ ಕಂಪನಿ ನ್ಯಾಯಮಂಡಳಿ ತಡೆಯಬಹುದು.

ಟಿಸಿಎಸ್‌ನಲ್ಲಿ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಷೇರು ಟಾಟಾ ಸನ್ಸ್‌ನದೇ ಆಗಿತ್ತು. 2016ರ ಡಿಸೆಂಬರ್ 13ರ ಸಭೆಯ ಫಲ ಮೊದಲೇ ಗೊತ್ತಿತ್ತು. ಆದರೂ ಮಿಸ್ತ್ರಿ ಷೇರುದಾರರಿಗೆ ಪತ್ರ ಬರೆದು ತಮ್ಮ ವಾದವನ್ನು ಮುಂದಿಟ್ಟರು. ಮತ ತಿರುಗಲಿಲ್ಲ. ಆದರೆ ಸಣ್ಣ ಹೂಡಿಕೆದಾರರೂ ಎರಡೂ ಕಡೆಯ ಮಾತು ಓದುವಂತಾಯಿತು, ಈ ಹಕ್ಕು ಇರುವುದೇ ಅದಕ್ಕೆ.

ಎಡವುವುದು ಹೆಚ್ಚಾಗಿ ಸಣ್ಣ ಪ್ರೈವೇಟ್ ಕಂಪನಿಗಳು. ಮೂವರಲ್ಲಿ ಇಬ್ಬರು ಮಂಡಳಿ ಸಭೆ ನಡೆಸಿ, ಮೂರನೆಯವರನ್ನು ತೆಗೆದೆವೆಂದು ಬರೆದು ಡಿಐಆರ್-12 ಫಾರಂ ಸಲ್ಲಿಸಿಬಿಡುತ್ತಾರೆ. ಸರ್ಕಾರದ ದಾಖಲೆಯಲ್ಲಿ ಹೆಸರು ಅಳಿಸಿದರೂ ಆ ತೆಗೆತ ನಿಲ್ಲುವುದಿಲ್ಲ. ಹಾಗೆ ಹೊರಗಾದವರು ಮೊದಲು ಕೇಳಬೇಕಾದ್ದು ಮೂರು ಕಾಗದ: ವಿಶೇಷ ನೋಟಿಸ್, ಅದರ ಪ್ರತಿ ತಮಗೆ ಕಳಿಸಿದ್ದಕ್ಕೆ ಪುರಾವೆ, ಷೇರುದಾರರ ಸಭೆಯ ನಡಾವಳಿ. ಇವುಗಳಲ್ಲಿ ಒಂದಿಲ್ಲದಿದ್ದರೂ ನ್ಯಾಯಮಂಡಳಿಯಲ್ಲಿ ಪ್ರಶ್ನಿಸಲು ಆಧಾರ ಸಿಗುತ್ತದೆ. ಎಲ್ಲವೂ ಸರಿಯಿದ್ದರೆ ಸ್ಥಾನ ಹೋದಂತೆಯೇ. ಕರಾರಿನ ಪ್ರಕಾರ ಬರಬೇಕಾದ ಪರಿಹಾರವನ್ನು ಮಾತ್ರ ಆಗಲೂ ಕೇಳಬಹುದು.