ರಾತ್ರಿ ಒಂಬತ್ತರ ನಿಧಾನ

ಮೈಸೂರಿನ ನಮ್ಮ ಮನೆಗೆ 100 ಎಂಬಿಪಿಎಸ್‌ನ ಫೈಬರ್ ಸಂಪರ್ಕವಿದೆ. ಬೆಳಿಗ್ಗೆ ಆರಕ್ಕೆ ಅಳೆದರೆ 94 ತೋರಿಸುತ್ತಿತ್ತು, ರಾತ್ರಿ ಒಂಬತ್ತಕ್ಕೆ ಬರೀ 11. ದೂರು ಕೊಟ್ಟಾಗಲೆಲ್ಲ ಒಂದೇ ಉತ್ತರ: "ರೂಟರ್ ಹಳೇದಾಗಿದೆ ಸಾರ್, ಬದಲಾಯಿಸಿ." ಮಡಚಿದ ಫೈಬರ್ ಆಗಲಿ, ಸಡಿಲವಾದ ಕನೆಕ್ಟರ್ ಆಗಲಿ ಸಾಮಾನ್ಯವಾಗಿ ಬೆಳಿಗ್ಗೆಯೂ ಕಾಡುತ್ತದೆ. ಹಾಗಾದರೆ ಇದು ಬೀದಿಯ ಸಮಸ್ಯೆಯೇ? ಅಷ್ಟು ಬೇಗ ತೀರ್ಮಾನಿಸುವಂತಿಲ್ಲ. ಸಂಜೆಗೆ ಅಕ್ಕಪಕ್ಕದ ಮನೆಗಳ ವೈಫೈಗಳೂ ಎಚ್ಚರಗೊಂಡು, ಒಂದರ ಮಾತಿಗೆ ಇನ್ನೊಂದು ಅಡ್ಡ ಬರುತ್ತವೆ.

ಆದ್ದರಿಂದ ಮೊದಲು ವೈಫೈಯನ್ನು ಲೆಕ್ಕದಿಂದ ತೆಗೆಯಬೇಕು. ಒಂದು ರಾತ್ರಿ ಮನೆಯವರ ಮೊಬೈಲು, ಟಿವಿಗಳನ್ನೆಲ್ಲ ನೆಟ್‌ನಿಂದ ಬಿಡಿಸಿ, ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ನೇರ ರೂಟರಿಗೆ ಸೇರಿಸಿ ಇವೆರಡನ್ನು ಓಡಿಸಿದೆ:

```
ping 192.168.1.1
ping 8.8.8.8
```

ಮೊದಲನೆಯದು ನಮ್ಮ ರೂಟರಿನ ವಿಳಾಸ (ಕೆಲವು ಮನೆಗಳಲ್ಲಿ ಬೇರೆ ಇರುತ್ತದೆ), ಎರಡನೆಯದು ಹೊರಗಿನ ಗೂಗಲ್ ಸರ್ವರ್. ಸಂದೇಶ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಪಿಂಗ್ ಹೇಳುತ್ತದೆ. ರೂಟರ್ ಬೆಳಿಗ್ಗೆಯೂ ರಾತ್ರಿಯೂ 1 ಮಿಲಿಸೆಕೆಂಡಿನಲ್ಲೇ ಉತ್ತರಿಸಿತು. ಗೂಗಲ್ಲಿನ ಉತ್ತರ ಮಾತ್ರ ಬೆಳಗಿನ 12ರಿಂದ ರಾತ್ರಿ 140ಕ್ಕೆ ಏರಿತ್ತು. ಕೇಬಲ್ಲಿನಲ್ಲೂ ವೇಗ 12 ದಾಟಲಿಲ್ಲ. ಮನೆಯೊಳಗೆ ಎಲ್ಲ ಸರಿಯಿದೆ, ಸಂದೇಶಗಳು ಹೊರಗೆಲ್ಲೋ ಸರದಿಯಲ್ಲಿ ಕಾಯುತ್ತಿವೆ ಎಂದು ಆಗ ಖಾತ್ರಿಯಾಯಿತು.

ಎಲ್ಲಿ ಕಾಯುತ್ತವೆ? ಬೀದಿಯ ಫೈಬರ್ ಒಂದು ಸ್ಪ್ಲಿಟರಿನಲ್ಲಿ ಒಡೆದು ಹೆಚ್ಚಾಗಿ 32 ಅಥವಾ 64 ಮನೆಗಳಿಗೆ ಹಂಚಿಕೆಯಾಗುತ್ತದೆ. ಸಾಮಾನ್ಯ ಜಿಪಾನ್ ವ್ಯವಸ್ಥೆಯಲ್ಲಿ ಅದರ ಸಾಮರ್ಥ್ಯ ಸುಮಾರು 2,500 ಎಂಬಿಪಿಎಸ್. ಒಂದು ಎಚ್‌ಡಿ ವಿಡಿಯೋಗೆ 5 ಸಾಕು, ಹಾಗಾಗಿ 32 ಮನೆಯವರೂ ಒಟ್ಟಿಗೆ ಸಿನಿಮಾ ನೋಡಿದರೂ 160 ದಾಟದು. ಇಕ್ಕಟ್ಟು ಹೆಚ್ಚಾಗಿ ಅಲ್ಲಿಂದ ಮುಂದೆ, ಬಡಾವಣೆಯ ಆಪರೇಟರ್ ದೊಡ್ಡ ಕಂಪನಿಯಿಂದ ಕೊಳ್ಳುವ ಲೈನಿನಲ್ಲಿರುತ್ತದೆ. ಅದು 1,000 ಎಂಬಿಪಿಎಸ್‌ನದು, ಮನೆಗಳು 400 ಎಂದಿಟ್ಟುಕೊಳ್ಳಿ. ಎಲ್ಲರೂ ಒಟ್ಟಿಗೆ ಕೂತರೆ ತಲೆಗೆ ಎರಡೂವರೆ. ಹಗಲಲ್ಲಿ ಹಾಗೆ ಯಾರೂ ಕೂರುವುದಿಲ್ಲವಾದ್ದರಿಂದ ಎಲ್ಲರಿಗೂ 100 ಸಿಕ್ಕಂತೆ ಕಾಣುತ್ತದೆ. ಹೀಗೆ ಹಂಚುವುದು ತಪ್ಪಲ್ಲ, ಹಂಚದಿದ್ದರೆ ನಮ್ಮ ಬಿಲ್ಲು ಹಲವು ಪಟ್ಟಾಗುತ್ತಿತ್ತು. ಮನೆಗಳು ಹೆಚ್ಚಿದಂತೆ ಲೈನನ್ನು ಹಿಗ್ಗಿಸದಿರುವುದು ಮಾತ್ರ ತಪ್ಪು.

ಸ್ಪೀಡ್ ಟೆಸ್ಟನ್ನು ನಂಬುವಾಗಲೂ ಎಚ್ಚರ ಬೇಕು. ಅದು ಆಪರೇಟರಿನ ಸ್ವಂತ ಜಾಲದೊಳಗಿನ ಸರ್ವರನ್ನೇ ಆರಿಸಿಕೊಂಡರೆ, ಇಕ್ಕಟ್ಟಿನ ಜಾಗವನ್ನು ದಾಟದೆಯೇ 90 ತೋರಿಸಿಬಿಡುತ್ತದೆ. ಬೇರೆ ಊರಿನ, ಬೇರೆ ಕಂಪನಿಯ ಸರ್ವರನ್ನು ಆರಿಸಿ.

ನಾಲ್ಕು ದಿನದ ಅಂಕಿಗಳನ್ನು ಹೊತ್ತಿನ ಸಮೇತ ಬರೆದು ಕಳಿಸಿದ ಮೇಲೆ ಯಾರೂ ರೂಟರಿನ ಮಾತೆತ್ತಲಿಲ್ಲ. ಮೂರು ವಾರದಲ್ಲಿ ರಾತ್ರಿಯ ಪಿಂಗ್ 20ಕ್ಕಿಳಿಯಿತು. ಮಹಡಿಯ ಮನೆಯವರಿಗೆ ಮಾತ್ರ ಸಂಜೆಯ ತೊಂದರೆ ಹಾಗೇ ಉಳಿಯಿತು. ಅಲ್ಲಿ ಕೇಬಲ್ ಹಾಕಿ ನೋಡಿದರೆ 93 ಬರುತ್ತಿತ್ತು, ವೈಫೈನಲ್ಲಿ 9. ಅವರ ಫೋನುಗಳನ್ನು 2.4 ಗಿಗಾಹರ್ಟ್ಸ್‌ನಿಂದ 5 ಗಿಗಾಹರ್ಟ್ಸ್‌ಗೆ ಬದಲಿಸಿದ ಸಂಜೆಯೇ ಅದೂ ಸರಿಹೋಯಿತು.