ಸೂರತ್ತಿನ ಪ್ಲೇಗೂ ಪಿ.ಸಿ.ಆರ್. ವಿಧಾನದ ಗಣಿತವೂ

1994ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಸೂರತ್ ನಗರದಲ್ಲಿ ಶ್ವಾಸಕೋಶದ ಪ್ಲೇಗು ಕಾಣಿಸಿಕೊಂಡಿತೆಂಬ ಸುದ್ದಿ ಹಬ್ಬಿದಾಗ, ಕೆಲವೇ ದಿನಗಳಲ್ಲಿ ಲಕ್ಷಾಂತರ ಜನರು ರೈಲುಗಳನ್ನೂ ಬಸ್ಸುಗಳನ್ನೂ ಹಿಡಿದು ಊರನ್ನು ಬಿಟ್ಟರು. ಅದಕ್ಕೆ ಮುಂಚೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಗಡ್ಡೆ ಪ್ಲೇಗಿನ ವರದಿಗಳು ಬಂದಿದ್ದವು. ಭಾರತದಲ್ಲಿ ಮನುಷ್ಯರಿಗೆ ಪ್ಲೇಗು ತಗಲಿದ್ದು ಅದಕ್ಕೆ ಹಿಂದೆ ಕೊನೆಯದಾಗಿ ವರದಿಯಾಗಿದ್ದುದು 1966ರಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆಯಿಂದ. ಇಪ್ಪತ್ತೆಂಟು ವರ್ಷ ಕಾಣದಿದ್ದ ರೋಗವು ಮರಳಿತೆಂಬುದನ್ನು ಎಲ್ಲ ವೈದ್ಯರೂ ಒಪ್ಪಲಿಲ್ಲ. ಇದು ಪ್ಲೇಗಲ್ಲ, ಮೆಲಿಯೋಯ್ಡೋಸಿಸ್ ಮೊದಲಾದ ಬೇರೆ ವ್ಯಾಧಿಯಾಗಿರಬಹುದೆಂದು ಕೆಲವರು ವಾದಿಸಿದರು. ಜನರು ಭಯದಿಂದ ಟೆಟ್ರಾಸೈಕ್ಲಿನ್ ಮಾತ್ರೆಗಳನ್ನು ಮುಂಚಿತವಾಗಿಯೇ ನುಂಗಿದ್ದುದರಿಂದ, ರೋಗಿಯ ಕಫದಿಂದ ಬ್ಯಾಕ್ಟೀರಿಯವನ್ನು ಬೆಳೆಸಿ ತೋರಿಸುವ ಹಳೆಯ ಮಾರ್ಗವೂ ಕಷ್ಟವಾಗಿತ್ತು.

ಈ ವಿವಾದಕ್ಕೆ ಉತ್ತರವು ನಿಧಾನವಾಗಿ ದೊರೆಯಿತು. ಸೂರತ್ ಮತ್ತು ಬೀಡ್‌ಗಳಿಂದ ಬೇರ್ಪಡಿಸಿದ ಬ್ಯಾಕ್ಟೀರಿಯಗಳ ಅಣುಮಟ್ಟದ ಪರೀಕ್ಷೆಯ ಫಲಿತಾಂಶಗಳು 1996ರಲ್ಲಿ, ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದುವು. 2000ದಲ್ಲಿ ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಬೇರೊಂದು ಜೀನ್ ಭಾಗವನ್ನು ಓದಿ ಅದೇ ತೀರ್ಮಾನಕ್ಕೆ ಬಂದರು. ರೋಗಕಾರಕವು ಯೆರ್ಸಿನಿಯಾ ಪೆಸ್ಟಿಸ್, ಅಂದರೆ ಪ್ಲೇಗಿನ ಬ್ಯಾಕ್ಟೀರಿಯವೇ ಆಗಿತ್ತು. ಇಂತಹ ಪರೀಕ್ಷೆಗಳ ಬೆನ್ನೆಲುಬಾದ ಪಾಲಿಮರೇಸ್ ಸರಪಳಿ ಕ್ರಿಯೆಯು, ಅಂದರೆ ಪಿ.ಸಿ.ಆರ್. ವಿಧಾನವು, ಹೇಗೆ ನಡೆಯುತ್ತದೆ, ಅದರಲ್ಲಿ ಉಂಟಾಗುವ ಪ್ರತಿಗಳನ್ನು ಹೇಗೆ ಎಣಿಸಬೇಕು, ಆ ಎಣಿಕೆಯನ್ನು ಎಲ್ಲಿಯವರೆಗೆ ನಂಬಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಧಾನವನ್ನು ಕ್ಯಾರಿ ಮುಲ್ಲಿಸ್ ಅವರು 1983ರಲ್ಲಿ ಕಲ್ಪಿಸಿದರು. 1993ರಲ್ಲಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಒಂದು ಪುಟ್ಟ ಕೊಳವೆಯಲ್ಲಿ ಪರೀಕ್ಷಿಸಬೇಕಾದ ಡಿ.ಎನ್.ಎ., ನಾಲ್ಕು ಬಗೆಯ ನ್ಯೂಕ್ಲಿಯೋಟೈಡ್‌ಗಳು, ‘ಪ್ರೈಮರ್’ ಎನ್ನಿಸಿಕೊಳ್ಳುವ ಎರಡು ಬಗೆಯ ಮೋಟು ಡಿ.ಎನ್.ಎ. ತುಣುಕುಗಳು, ಮತ್ತು ಎಳೆಯನ್ನು ಬೆಳೆಸುವ ಒಂದು ಕಿಣ್ವ ಇವಿಷ್ಟನ್ನು ತಕ್ಕ ಲವಣದ್ರಾವಣದಲ್ಲಿ ಬೆರೆಸುತ್ತಾರೆ. ಬಳಿಕ ಕೊಳವೆಯನ್ನು ಮೂರು ಉಷ್ಣತೆಗಳಲ್ಲಿ ಸುತ್ತಿಸಲಾಗುತ್ತದೆ. ಮೊದಲನೆಯದು ಡಿನೇಚರೇಷನ್, ಎಂದರೆ ಎಳೆಗಳ ಬೇರ್ಪಡಿಕೆ: ಸುಮಾರು 95 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಡಿ.ಎನ್.ಎ.ಯ ಜೋಡಿ ಎಳೆಗಳು ಬಿಡಿಬಿಡಿಯಾಗುತ್ತವೆ. ಎರಡನೆಯದು ಅನೀಲಿಂಗ್, ಎಂದರೆ ಪ್ರೈಮರುಗಳ ಕೂಡಿಕೆ: ಉಷ್ಣತೆಯನ್ನು 50ರಿಂದ 65 ಡಿಗ್ರಿಗಳ ನಡುವೆ ಇಳಿಸಿದಾಗ ಪ್ರೈಮರುಗಳು ತಮಗೆ ಹೊಂದುವ ಸರಣಿಯನ್ನು ಹುಡುಕಿ, ಒಂದೊಂದು ಎಳೆಗೆ ಒಂದೊಂದರಂತೆ ಅಂಟಿಕೊಳ್ಳುತ್ತವೆ. ಮೂರನೆಯದು ವಿಸ್ತರಣೆ: 72 ಡಿಗ್ರಿಯಲ್ಲಿ ಕಿಣ್ವವು ಪ್ರೈಮರಿನ ತುದಿಯಿಂದ ಹೊರಟು, ಎದುರಿನ ಎಳೆಯನ್ನು ನೋಡಿಕೊಂಡು ಹೊಸ ಎಳೆಯನ್ನು ನೇಯುತ್ತ ಹೋಗುತ್ತದೆ. ಬಿಸಿನೀರಿನ ಬುಗ್ಗೆಗಳಲ್ಲಿ ವಾಸಿಸುವ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯದಿಂದ ಪಡೆದುದಾದ್ದರಿಂದ ಈ ಕಿಣ್ವವು ಪ್ರತಿ ಸುತ್ತಿನ ಶಾಖವನ್ನೂ ತಾಳಿಕೊಳ್ಳಬಲ್ಲುದು.

ಈ ಮೂರರಲ್ಲಿ ಎರಡನೆಯ ಹೆಜ್ಜೆಯೇ ಪರೀಕ್ಷೆಯ ನಂಬಿಕೆಗೆ ಆಧಾರ. ಉಷ್ಣತೆ ತೀರ ಕಡಿಮೆಯಾದರೆ ಪ್ರೈಮರುಗಳು ಅರೆಬರೆ ಹೊಂದುವ ಬೇರೆ ಜಾಗಗಳಿಗೂ ಅಂಟಿ, ಬೇಡದ ಉದ್ದದ ತುಣುಕುಗಳನ್ನು ಹುಟ್ಟಿಸುತ್ತವೆ. ತೀರ ಹೆಚ್ಚಾದರೆ ಸರಿಯಾದ ಜಾಗದಲ್ಲಿಯೂ ನಿಲ್ಲುವುದಿಲ್ಲ. ಮೊದಲನೆಯ ದೋಷವಾದರೆ ಜೆಲ್ಲಿನ ಮೇಲೆ ನಿರೀಕ್ಷಿಸಿದ ಉದ್ದಕ್ಕೆ ಹೊಂದದ ಪಟ್ಟಿಗಳು ಮೂಡುತ್ತವೆ. ಎರಡನೆಯದಾದರೆ, ಇದೆಯೆಂದು ಗೊತ್ತಿರುವ ಮಾದರಿಯಲ್ಲಿಯೂ ಪಟ್ಟಿ ಮೂಡುವುದಿಲ್ಲ.

ಈಗ ಎಣಿಕೆಯ ವಿಷಯಕ್ಕೆ ಬರೋಣ. ಒಂದು ಜೋಡಿ ಎಳೆಯ ಡಿ.ಎನ್.ಎ.ಯಿಂದ ಆರಂಭಿಸಿದರೆ ಸುತ್ತು ಸುತ್ತಿಗೂ ಜೋಡಿಗಳು ಇಮ್ಮಡಿಯಾಗುತ್ತವೆ: 1, 2, 4, 8 ಎಂದು. ಆದರೆ ಬೇಕಾದ ಉದ್ದದ ತುಣುಕು ಮೊದಲ ಸುತ್ತಿನಲ್ಲಿ ಹುಟ್ಟುವುದಿಲ್ಲವೆಂಬುದನ್ನು ಗಮನಿಸಬೇಕು. ಮೊದಲ ಸುತ್ತಿನ ಹೊಸ ಎಳೆಯ ಒಂದು ತುದಿ ಪ್ರೈಮರಿನಿಂದ ನಿಶ್ಚಿತವಾಗಿದ್ದರೂ ಇನ್ನೊಂದು ತುದಿಗೆ ಎಲ್ಲೆಯಿಲ್ಲ. ಸಮಯ ಮುಗಿಯುವವರೆಗೆ ಅದು ಬೆಳೆಯುತ್ತದೆ. ಎರಡನೆಯ ಸುತ್ತಿನಲ್ಲಿ ಈ ಎಳೆಯೇ ಅಚ್ಚಾದಾಗ, ಅದರ ನಿಶ್ಚಿತ ತುದಿಗೆ ಬಂದು ನಕಲು ನಿಲ್ಲುತ್ತದೆ. ಆಗ ಎರಡು ತುದಿಗಳೂ ನಿಶ್ಚಿತವಾದ ಎಳೆ ದೊರೆಯುತ್ತದೆ, ಆದರೆ ಅದರ ಜೊತೆಯ ಎಳೆ ಇನ್ನೂ ಉದ್ದವಾಗಿಯೇ ಇರುತ್ತದೆ. ಮೂರನೆಯ ಸುತ್ತಿನ ಕೊನೆಗೆ ಎಂಟು ಜೋಡಿಗಳಲ್ಲಿ ಎರಡು ಮಾತ್ರ ಸರಿಯಾದ ಉದ್ದದವು. n ಸುತ್ತುಗಳ ಬಳಿಕ ಇಂತಹ ಜೋಡಿಗಳ ಸಂಖ್ಯೆ 2^n − 2n ಆಗುತ್ತದೆ. ನಾಲ್ಕನೆಯ ಸುತ್ತಿಗೆ 8, ಐದನೆಯದಕ್ಕೆ 22, ಹತ್ತನೆಯದಕ್ಕೆ 1,004. ಮೂವತ್ತನೆಯದಕ್ಕೆ ನೂರೇಳು ಕೋಟಿಗೂ ಮೀರಿದ ಮೊತ್ತದಲ್ಲಿ ಕೊರತೆ ಬರಿಯ 60. ಆದುದರಿಂದ ದೊಡ್ಡ ಎಣಿಕೆಯಲ್ಲಿ ಈ ಕಳೆತವನ್ನು ಬಿಟ್ಟುಬಿಡುತ್ತಾರೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ಮಾದರಿಯಲ್ಲಿ ಬೇಕಾದ ಜೀನಿನ 100 ಪ್ರತಿಗಳಿವೆಯೆಂದೂ, ನಕಲಾಗುವ ತುಣುಕಿನ ಉದ್ದ ಸುಮಾರು 500 ಬೇಸ್ ಜೋಡಿಗಳೆಂದೂ ಇಟ್ಟುಕೊಳ್ಳೋಣ. ಇಪ್ಪತ್ತು ಸುತ್ತುಗಳಾದ ಮೇಲೆ ಪ್ರತಿಗಳು ಸುಮಾರು 10.5 ಕೋಟಿ, ಮೂವತ್ತಾದ ಮೇಲೆ ಸುಮಾರು 10,737 ಕೋಟಿ. ಈ ಉದ್ದದ 10,737 ಕೋಟಿ ತುಣುಕುಗಳ ತೂಕ ಸುಮಾರು 58 ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ 58 ಪಾಲು. ಕೊಳವೆಯ ದ್ರವದ ಐದನೆಯ ಒಂದು ಭಾಗವನ್ನು ಜೆಲ್ಲಿಗೆ ಸುರಿದರೆ ಅಲ್ಲಿ 11 ಅಥವಾ 12 ನ್ಯಾನೋಗ್ರಾಂ ಇರುತ್ತದೆ. ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣದಿಂದ ಕೆಲವೇ ನ್ಯಾನೋಗ್ರಾಂ ಡಿ.ಎನ್.ಎ. ಕಣ್ಣಿಗೆ ಕಾಣುವುದರಿಂದ ಪಟ್ಟಿ ಸ್ಪಷ್ಟವಾಗಿ ಹೊಳೆಯುತ್ತದೆ. ಇಪ್ಪತ್ತು ಸುತ್ತಿಗೇ ನಿಲ್ಲಿಸಿದ್ದರೆ ಅದರ ಸಾವಿರದ ಒಂದು ಪಾಲು ಮಾತ್ರವಿದ್ದು ಏನೂ ಕಾಣುತ್ತಿರಲಿಲ್ಲ.

ಆದರೆ ಪ್ರತಿ ಸುತ್ತಿನಲ್ಲಿಯೂ ಎಲ್ಲ ಎಳೆಗಳೂ ನಕಲಾಗುವುದು ಅಪರೂಪ. ನಕಲಾಗುವ ಪಾಲನ್ನು E ಎಂದು ಕರೆದರೆ ಸೂತ್ರವು ಹೀಗಾಗುತ್ತದೆ:

N = N0 × (1 + E)^n

ಇದರಲ್ಲಿ N0 ಎಂದರೆ ಆರಂಭದ ಪ್ರತಿಗಳು, N ಎಂದರೆ n ಸುತ್ತುಗಳ ಬಳಿಕದ ಪ್ರತಿಗಳು. ನೂರಕ್ಕೆ ತೊಂಬತ್ತು ನಕಲಾದರೆ ಮೂವತ್ತು ಸುತ್ತಿಗೆ ದೊರೆಯುವುದು ಸುಮಾರು 2,305 ಕೋಟಿ. ನೂರಕ್ಕೆ ಎಂಬತ್ತಾದರೆ 455 ಕೋಟಿ ಮಾತ್ರ. ಸುತ್ತಿಗೆ ಹತ್ತರಲ್ಲಿ ಎರಡರ ಕೊರತೆಯು ಕೊನೆಗೆ ಇಪ್ಪತ್ತಮೂರು ಪಟ್ಟಿಗೂ ಮೀರಿದ ಕೊರತೆಯಾಗಿ ಬೆಳೆಯುತ್ತದೆ. ಆಗ ಜೆಲ್ಲಿಗೆ ಬೀಳುವುದು ಅರ್ಧ ನ್ಯಾನೋಗ್ರಾಂ, ಪಟ್ಟಿ ಕಾಣಿಸದು. ರಕ್ತದ ಕೆಂಪುಪದಾರ್ಥ, ಕಫದ ಲೋಳೆ ಮೊದಲಾದುವು ಕಿಣ್ವಕ್ಕೆ ತಡೆಯೊಡ್ಡುವುದರಿಂದ ರೋಗಿಯ ಮಾದರಿಗಳಲ್ಲಿ ಇಂತಹ ಕುಂದು ಸಹಜ. ಆದ್ದರಿಂದಲೇ, ನಕಲಾಗಲೇಬೇಕಾದ ಮತ್ತೊಂದು ಡಿ.ಎನ್.ಎ.ಯನ್ನು ಅದೇ ಕೊಳವೆಗೆ ಸೇರಿಸುವ ಪದ್ಧತಿಯಿದೆ. ಅದೂ ಮೂಡದಿದ್ದರೆ ‘ರೋಗಾಣುವಿಲ್ಲ’ ಎನ್ನುವಂತಿಲ್ಲ. ‘ಪರೀಕ್ಷೆಯೇ ನಡೆದಿಲ್ಲ’ ಎನ್ನಬೇಕು.

ಹಾಗಾದರೆ ಇನ್ನೂ ಐದು ಸುತ್ತುಗಳನ್ನು ಹೆಚ್ಚಿಸಿದರಾಗದೆ? ನೂರಕ್ಕೆ ಎಂಬತ್ತರ ಲೆಕ್ಕದಲ್ಲಿಯೇ ಅರ್ಧ ನ್ಯಾನೋಗ್ರಾಂ ಒಂಬತ್ತಕ್ಕೇರಿ ಪಟ್ಟಿ ಕಾಣುತ್ತದೆ, ನಿಜ. ಆದರೆ ಅದಕ್ಕೊಂದು ಬೆಲೆಯಿದೆ. ಹೊರಗಿನಿಂದ ಒಂದೇ ಒಂದು ಪ್ರತಿ ಕೊಳವೆಗೆ ಬಿದ್ದಿತೆಂದು ಭಾವಿಸೋಣ. ಪೂರ್ಣ ದಕ್ಷತೆಯಲ್ಲಿ ಮೂವತ್ತು ಸುತ್ತಿಗೆ ಅದು ಜೆಲ್ಲಿನ ಮೇಲೆ ಒಂದು ನ್ಯಾನೋಗ್ರಾಮಿನ ಎಂಟನೆಯ ಒಂದು ಪಾಲಿನಷ್ಟಾಗಿ ಅಡಗಿರುತ್ತದೆ. ಮೂವತ್ತೈದಕ್ಕೆ 3,436 ಕೋಟಿಯಾಗಿ, ಜೆಲ್ಲಿನ ಮೇಲೆ ಸುಮಾರು 3.7 ನ್ಯಾನೋಗ್ರಾಮಿನ ಕಾಣಬಲ್ಲ ಪಟ್ಟಿಯಾಗುತ್ತದೆ. ಅಂತಹ ಪ್ರತಿ ಬರುವುದಾದರೂ ಎಲ್ಲಿಂದ? ಹಿಂದಿನ ಪರೀಕ್ಷೆಯಿಂದಲೇ. ಮುಗಿದ ಕೊಳವೆಯ 50 ಮೈಕ್ರೋಲೀಟರಿನಲ್ಲಿ 10,737 ಕೋಟಿ ಪ್ರತಿಗಳಿದ್ದರೆ, ಅದರ ಒಂದು ಮೈಕ್ರೋಲೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ ತುಂತುರಿನಲ್ಲಿಯೂ ಎರಡು ಸಾವಿರಕ್ಕೂ ಹೆಚ್ಚು ಪ್ರತಿಗಳಿರುತ್ತವೆ. ಮುಚ್ಚಳ ತೆರೆದಾಗ ಸಿಡಿಯುವ ಇಂತಹ ಹನಿಗಾಗಿಯೇ ಮಾದರಿ ಸಿದ್ಧಪಡಿಸುವ ಕೋಣೆಯನ್ನೂ ಫಲಿತಾಂಶ ನೋಡುವ ಕೋಣೆಯನ್ನೂ ಬೇರೆಯಿಡುತ್ತಾರೆ. ಅಲ್ಲದೆ ಪ್ರತಿ ಸಲವೂ ಡಿ.ಎನ್.ಎ.ಯ ಬದಲು ಬರಿಯ ನೀರನ್ನು ಹಾಕಿದ ಒಂದು ಕೊಳವೆಯನ್ನು ಜೊತೆಯಲ್ಲಿ ಓಡಿಸುತ್ತಾರೆ. ಆ ನೀರಿನ ಕೊಳವೆಯಲ್ಲಿ ಪಟ್ಟಿ ಮೂಡಿತೆಂದರೆ ಅಂದಿನ ಯಾವ ‘ಇದೆ’ ಎಂಬ ಫಲಿತಾಂಶವನ್ನೂ ಒಪ್ಪುವಂತಿಲ್ಲ.

ಇಮ್ಮಡಿಯಾಗುವುದು ಅನಂತವಾಗಿ ನಡೆಯುವುದೂ ಇಲ್ಲ. ಕೊಳವೆಯಲ್ಲಿ ಪ್ರತಿಯೊಂದು ಬಗೆಯ ಪ್ರೈಮರೂ 10 ಪಿಕೋಮೋಲ್, ಅಂದರೆ ಸುಮಾರು ಆರು ಲಕ್ಷ ಕೋಟಿ ಅಣುಗಳಷ್ಟಿದ್ದರೆ, ನೂರು ಪ್ರತಿಗಳಿಂದ ಹೊರಟ ಕ್ರಿಯೆಯು ಮೂವತ್ತಾರನೆಯ ಸುತ್ತಿನ ಹೊತ್ತಿಗೆ ಅವನ್ನೆಲ್ಲ ತಿಂದು ಮುಗಿಸುತ್ತದೆ. ವಾಸ್ತವದಲ್ಲಿ ಅದಕ್ಕೆ ಮೊದಲೇ ಕಿಣ್ವವು ಬಳಲುತ್ತದೆ, ಹುಟ್ಟಿದ ಎಳೆಗಳು ಪ್ರೈಮರಿಗೆ ಎಡೆಗೊಡದೆ ತಮ್ಮತಮ್ಮಲ್ಲೇ ಜೋಡಿಯಾಗುತ್ತವೆ, ಬೆಳವಣಿಗೆ ಚಪ್ಪಟೆಯಾಗುತ್ತದೆ. ಆದುದರಿಂದ ಮೇಲಣ ಸೂತ್ರವು ಕ್ರಿಯೆಯ ಮೊದಲ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಕೊನೆಯ ಪಟ್ಟಿಯ ಹೊಳಪಿನಿಂದ ಆರಂಭದ ರೋಗಾಣುಗಳ ಸಂಖ್ಯೆಯನ್ನು ಊಹಿಸಹೊರಡುವುದು ತಪ್ಪಾಗುತ್ತದೆ.

ಸೂರತ್ತಿನ ವಿವಾದಕ್ಕೆ ಈ ಗಣಿತವನ್ನು ಅನ್ವಯಿಸಿದರೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಔಷಧದಿಂದ ಸತ್ತ ಬ್ಯಾಕ್ಟೀರಿಯದ ಡಿ.ಎನ್.ಎ. ಕೂಡ ನಕಲಾಗುವುದರಿಂದ, ತಟ್ಟೆಯಲ್ಲಿ ಬೆಳೆಯದ ಮಾದರಿಯೂ ಈ ವಿಧಾನಕ್ಕೆ ಸಾಕ್ಷಿಯಾಗಬಲ್ಲುದು. ಆದರೆ ಅದೇ ಕಾರಣದಿಂದ, ಪಟ್ಟಿಯೊಂದೇ ಬದುಕಿರುವ ರೋಗಾಣುವನ್ನು ಸಾಧಿಸಲಾರದು. ಎರಡನೆಯದಾಗಿ, ಒಂದು ಜೀನಿನ ಪಟ್ಟಿಯನ್ನಷ್ಟೇ ನಂಬುವುದು ಸಲ್ಲದು. ಪ್ಲೇಗನ್ನು ಗುರುತಿಸಲು ಬಳಸುತ್ತಿದ್ದ ‘ಪ್ಲಾ’ ಎಂಬ ಜೀನನ್ನು ಹೋಲುವ ಸರಣಿಯು ಇಲಿಗಳ ಮಾದರಿಗಳಲ್ಲಿಯೂ ಕಂಡುಬಂದುದು 2013ರಲ್ಲಿ ವರದಿಯಾಯಿತು. ಸೂರತ್ತಿನ ತೀರ್ಮಾನವು ನಿಂತಿರುವುದು ಇಂತಹ ಒಂಟಿ ಪಟ್ಟಿಯ ಮೇಲಲ್ಲ. ಅದಕ್ಕೆ ಆಧಾರವಾದುದು ಬೆಳೆಸಿದ ಬ್ಯಾಕ್ಟೀರಿಯ, ಬೇರೆ ಬೇರೆ ಜೀನ್ ಭಾಗಗಳ ಪರೀಕ್ಷೆ, ಮತ್ತು ಬೇರೆ ಬೇರೆ ವರ್ಷಗಳಲ್ಲಿ ಪ್ರಕಟವಾದ ಎರಡು ಅಧ್ಯಯನಗಳ ಒಮ್ಮತ.